ಸದ್ದಿಲ್ಲದ ಚಿತ್ರದಲ್ಲಿ ‘ಬೇಡ’ ಎಂಬ ಮಾತು

ಈ ಪುರದ ನಮ್ಮ ಹೋಟೆಲುಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಕೊನೆಯ ಪಾತ್ರೆ ತೊಳೆದು ಮಹಡಿಯ ಕೋಣೆಗೆ ಹತ್ತಿದ ಹುಡುಗನು, ಚಾಪೆ ಬಿಡಿಸಿದ ಬಳಿಕ ಅರ್ಧ ಗಂಟೆಯಾದರೂ ಫೋನನ್ನು ನೋಡದೆ ಮಲಗುವುದಿಲ್ಲ. ಆದರೆ ಆ ಕೋಣೆಯಲ್ಲಿ ಅವನೊಬ್ಬನೇ ಇರುವುದಿಲ್ಲವಷ್ಟೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿಯ ಹಬೆಪಾತ್ರೆಯ ಮುಂದೆ ನಿಲ್ಲಬೇಕಾದ ಅಡಿಗೆಯ ಭಟ್ಟರು ಪಕ್ಕದಲ್ಲಿಯೇ ನಿದ್ದೆ ಹೋಗಿರುತ್ತಾರೆ. ಆದಕಾರಣ ಫೋನಿನ ಸದ್ದು ಅಡಗಿರುತ್ತದೆ. ಚಿತ್ರ ಮಾತ್ರ ಓಡುತ್ತಿರುತ್ತದೆ. ಬೀಚ್‌ನಿಂದ ತಾಂಬರಂ ಕಡೆಗೆ ಹೋಗುವ ವಿದ್ಯುತ್ ರೈಲಿನಲ್ಲಿ ನೇತಾಡುತ್ತಾ ಕಚೇರಿಗೆ ಹೋಗುವ ಗುಮಾಸ್ತರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಗಾಡಿಯ ಗದ್ದಲದಲ್ಲಿ ಕೇಳಿಸುವುದಿಲ್ಲ, ಕೇಳಿಸುವಷ್ಟು ಜೋರಾಗಿ ಹಾಕಿದರೆ ಪಕ್ಕದವರು ಸುಮ್ಮನಿರುವುದಿಲ್ಲ.

ಹೀಗೆ ಕಿವಿಯಿಲ್ಲದೆ ಕಣ್ಣಿನಿಂದಲೇ ನೋಡುವವರಿಗಾಗಿ ಚಿತ್ರವನ್ನು ಹೇಗೆ ಬರೆಯಬೇಕು, ಅದರ ಮೇಲೆ ಅಕ್ಷರಗಳನ್ನು ಹೇಗೆ ಕೂರಿಸಬೇಕು ಎಂಬುದು ಈಗ ಒಂದು ಕಸುಬೇ ಆಗಿದೆ. ಸೀರೆ ಅಂಗಡಿಯವರೂ ಸಿನಿಮಾದವರೂ ಅದನ್ನು ಚೆನ್ನಾಗಿ ಬಲ್ಲರು. ಆ ಮಾತನ್ನು ನಾವು ಇಲ್ಲಿ ವಿಸ್ತರಿಸುವುದಿಲ್ಲ. ಸೀರೆಯ ಬಣ್ಣ ಮಾತಿಲ್ಲದೆಯೂ ತಿಳಿಯುತ್ತದೆ. ಒಂದು ವೇಳೆ ತಿಳಿಯದಿದ್ದರೂ ಯಾರ ಪ್ರಾಣಕ್ಕೂ ಹಾನಿಯಿಲ್ಲ. ನಾವು ಆರಿಸಿಕೊಂಡಿರುವುದು ನಮ್ಮ ವಾಚಕರ ಅಡಿಗೆಮನೆಗೆ ಸೇರಿದ ಒಂದು ವಿಷಯ: ಗ್ಯಾಸು ಸೋರಿದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮುಕ್ಕಾಲು ನಿಮಿಷದ ಚಿತ್ರದಲ್ಲಿ, ಸದ್ದಿಲ್ಲದೆ, ಕನ್ನಡದಲ್ಲಿ ತಿಳಿಸುವುದು ಹೇಗೆ?

ಹಳೆಯ ಒಂದು ಮಾತನ್ನು ಮೊದಲು ನೆನೆಯುವುದು ಅವಶ್ಯ. ಇದೇ ಊರಿನ ಪುರಸವಾಕ್ಕಂ ಭಾಗದ ಮಿಲ್ಲರ್ಸ್ ರಸ್ತೆಯಲ್ಲಿ, 1910ರ ದಶಕದ ಕೊನೆಯ ವರ್ಷಗಳಲ್ಲಿ, ಆರ್. ನಟರಾಜ ಮುದಲಿಯಾರ್ ಎಂಬವರು ‘ಕೀಚಕ ವಧಂ’ ಎಂಬ ಮೂಕಿಚಿತ್ರವನ್ನು ತಯಾರಿಸಿದರು. ದಕ್ಷಿಣ ದೇಶದಲ್ಲಿ ತಯಾರಾದ ಮೊದಲ ಕಥಾಚಿತ್ರವೆಂದು ಅದಕ್ಕೆ ಹೆಸರು. ಅದರ ಪ್ರತಿ ಇಂದು ಉಳಿದಿಲ್ಲ. ಅದರಲ್ಲಿ ಪಾತ್ರಗಳ ಮಾತನ್ನು ತಿಳಿಸುವ ಬರಹದ ಫಲಕಗಳು ಇಂಗ್ಲಿಷ್, ತಮಿಳು, ಹಿಂದಿ ಎಂಬ ಮೂರು ಭಾಷೆಗಳಲ್ಲಿ ಇದ್ದವು. ಚಿತ್ರ ನಿಲ್ಲುವುದು, ಫಲಕ ಬರುವುದು, ಮತ್ತೆ ಚಿತ್ರ ಓಡುವುದು, ಇದು ಅಂದಿನ ಪದ್ಧತಿ. ಓದಲಾರದವರ ಗತಿಯೇನೆಂದು ವಾಚಕರು ಕೇಳಬಹುದು. ಅಂದಿನ ಟೆಂಟುಗಳಲ್ಲಿ ಪರದೆಯ ಪಕ್ಕದಲ್ಲಿ ಒಬ್ಬಾತನು ನಿಂತು, ಫಲಕವನ್ನು ಗಟ್ಟಿಯಾಗಿ ಓದಿ, ತನ್ನದೇ ಒಗ್ಗರಣೆಯನ್ನೂ ಹಾಕಿ ಕಥೆಯನ್ನು ಹೇಳುತ್ತಿದ್ದನು. ಮೂಕಿಚಿತ್ರವೆಂಬುದು ಹೆಸರಿಗಷ್ಟೇ ಮೂಕವಾಗಿತ್ತು.

ಸದ್ದಡಗಿಸಿದ ಫೋನಿನ ಪಕ್ಕದಲ್ಲಿ ಅಂತಹ ಕಥೆಗಾರ ಯಾರೂ ಇಲ್ಲ. ಮತ್ತೊಂದು ವ್ಯತ್ಯಾಸವೂ ಉಂಟು. ಅಂದಿನ ಪ್ರೇಕ್ಷಕನು ಕಾಸು ಕೊಟ್ಟು ಬಂದು ಕುಳಿತವನು, ಫಲಕ ಬರುವ ತನಕ ಕಾಯುತ್ತಿದ್ದನು. ಇಂದಿನವನ ಹೆಬ್ಬೆರಳು ಗಾಜಿನ ಮೇಲೆಯೇ ಇರುತ್ತದೆ. ಇದು ಯಾವ ವಿಷಯವೆಂದು ಒಂದೆರಡು ಸೆಕೆಂಡಿನಲ್ಲಿ ತಿಳಿಯದೆ ಹೋದರೆ ಚಿತ್ರವನ್ನು ಮೇಲಕ್ಕೆ ತಳ್ಳಿಬಿಡುತ್ತಾನೆ. ಆದುದರಿಂದ ಚಿತ್ರ ನಿಲ್ಲಿಸಿ ಫಲಕ ತೋರಿಸುವ ಹಳೆಯ ಕ್ರಮ ಇಲ್ಲಿ ಸಲ್ಲದು. ಬರಹವು ಓಡುವ ಚಿತ್ರದ ಮೇಲೆಯೇ, ಮೊದಲ ಕ್ಷಣದಿಂದಲೇ ಕೂತಿರಬೇಕು.

ಈಗ ನಮ್ಮ ಉದಾಹರಣೆಗೆ ಬರೋಣ. ಒಂದು ಹೋಟೆಲಿನ ಮೇನೇಜರರು ಸದುದ್ದೇಶದಿಂದಲೇ ಒಂದು ಚಿತ್ರ ತೆಗೆಯಿಸುತ್ತಾರೆಂದು ಇಟ್ಟುಕೊಳ್ಳೋಣ. ಅವರು ಕ್ಯಾಮರಾದ ಮುಂದೆ ನಿಂತು, “ಗ್ಯಾಸಿನ ವಾಸನೆ ಬಂದ ಕೂಡಲೇ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚನ್ನು ಹಾಕಲು ಹೋಗಬಾರದು” ಎಂದು ಸ್ಪಷ್ಟವಾದ ಕನ್ನಡದಲ್ಲಿ ಹೇಳುತ್ತಾರೆ. ಹೇಳುವಾಗ ವಿಷಯ ಮನಸ್ಸಿಗೆ ನಾಟಲೆಂದು ಚಿತ್ರದಲ್ಲಿ ಒಂದು ಕೈ ಸ್ವಿಚ್ಚಿನ ಕಡೆಗೆ ಹೋಗಿ ಅದನ್ನು ಒತ್ತುವುದನ್ನು ತೋರಿಸುತ್ತಾರೆ. ಸದ್ದಿರುವವರಿಗೆ ಇದರಲ್ಲಿ ದೋಷವೇನೂ ಕಾಣದು. ಸದ್ದನ್ನು ಅಡಗಿಸಿ ನೋಡಿದರೋ, ವಾಸನೆ ಬಂದಿತು, ಕೈ ಸ್ವಿಚ್ಚನ್ನು ಒತ್ತಿತು, ಇಷ್ಟೇ ತಿಳಿಯುತ್ತದೆ. ಮಾಡಬಾರದ ಕೆಲಸವನ್ನು ಮಾಡಬೇಕೆಂದು ಕಲಿಸಿದಂತಾಯಿತು.

ಇದು ಈ ಕಸುಬಿನ ಮೂಲದಲ್ಲಿರುವ ತೊಡಕು. ಚಿತ್ರಕ್ಕೆ ‘ಇಲ್ಲ’ ಎನ್ನಲು ಬರುವುದಿಲ್ಲ. ಅದು ತೋರಿಸಿದುದೆಲ್ಲವೂ ‘ಹೌದು’. ‘ಬೇಡ’, ‘ಕೂಡದು’, ‘ಬಾರದು’ ಎಂಬ ಅರ್ಥ ಮಾತಿನಲ್ಲಿ ಮಾತ್ರ ಇದೆ. ಮಾತು ಅಡಗಿದೊಡನೆ ನಿಷೇಧವೂ ಅಡಗುತ್ತದೆ. ಎಚ್ಚರಿಕೆಯ ಚಿತ್ರಗಳಲ್ಲಿ ನಿಷೇಧವೇ ಮುಖ್ಯವಾದುದರಿಂದ ನಷ್ಟವೂ ಅಲ್ಲಿಯೇ ಹೆಚ್ಚು.

ಹಾಗಾದರೆ ಹೇಳಿದ ಮಾತನ್ನೇ ಕೆಳಗೆ ಬರೆದರಾಯಿತಲ್ಲ ಎನ್ನಬಹುದು. ಇಲ್ಲಿ ನಮ್ಮ ಭಾಷೆಯ ಸ್ವಭಾವ ಅಡ್ಡ ಬರುತ್ತದೆ. ಇಂಗ್ಲಿಷಿನಲ್ಲಿ ಬೇಡವೆಂಬ ಮಾತು ವಾಕ್ಯದ ಮೊದಲಿಗೇ ಬರುತ್ತದೆ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡು ಕಟ್ಟಕಡೆಗೆ ಬರುತ್ತದೆ. ಮೇಲಿನ ವಾಕ್ಯವನ್ನೇ ನೋಡಿರಿ. ಅದರಲ್ಲಿ ಅರ್ಥವನ್ನು ತಿರುಗಿಸುವ ‘ಹೋಗಬಾರದು’ ಎಂಬುದು ಒಂಬತ್ತನೆಯ ಪದ. ಫೋನಿನ ಅಗಲಕ್ಕೆ ಅಷ್ಟು ಉದ್ದದ ವಾಕ್ಯವು ಒಮ್ಮೆಗೇ ಹಿಡಿಸದು. ಯಂತ್ರವು ಅದನ್ನು ಎರಡು ಅಥವಾ ಮೂರು ತುಂಡುಗಳಾಗಿ ಮುರಿದು ಒಂದಾದ ಮೇಲೊಂದರಂತೆ ತೋರಿಸುತ್ತದೆ. ನಡುವಿನ ತುಂಡು ‘ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚನ್ನು ಹಾಕಲು’ ಎಂದು ನಿಲ್ಲುತ್ತದೆ. ಅದೇ ಕ್ಷಣದಲ್ಲಿ ಚಿತ್ರದಲ್ಲಿ ಕೈ ಸ್ವಿಚ್ಚಿನ ಮೇಲಿರುತ್ತದೆ. ನೋಡುವವನು ಅಲ್ಲಿಗೇ ಬೆರಳಾಡಿಸಿ ಮುಂದಕ್ಕೆ ಹೋದರೆ ಅವನ ಮನಸ್ಸಿನಲ್ಲಿ ಉಳಿಯುವುದು ನಿಜಕ್ಕೆ ನೇರ ವಿರುದ್ಧವಾದ ಪಾಠ. ಈಚೆಗೆ ಒಂದೊಂದೇ ಪದವನ್ನು ಕುಣಿಸುತ್ತಾ ತೋರಿಸುವ ಬೆಡಗೊಂದು ಬಂದಿದೆ. ಹಾಡಿಗೆ ಅದು ಚೆಂದವಿರಬಹುದು, ಕನ್ನಡದ ಎಚ್ಚರಿಕೆಗೆ ಮಾತ್ರ ಅದು ಒಗ್ಗದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇದಕ್ಕೆ ಪರಿಹಾರವು ಮಾತನ್ನು ಬರೆದಿಡುವುದಲ್ಲ, ಮಾತನ್ನೇ ಬೇರೆಯಾಗಿ ಕಟ್ಟುವುದು. ಮನೆಯಲ್ಲಿ ಮಗು ಬಿಸಿ ಪಾತ್ರೆಗೆ ಕೈ ಚಾಚಿದರೆ ತಾಯಿಯು ‘ಬಿಸಿಯಾದ ಪಾತ್ರೆಯನ್ನು ಮುಟ್ಟಬಾರದು’ ಎಂದು ವಾಕ್ಯ ರಚಿಸುತ್ತಾ ಕೂರುತ್ತಾಳೆಯೇ? ‘ಬೇಡ!’ ಎನ್ನುತ್ತಾಳೆ, ಆ ಮೇಲೆ ‘ಮುಟ್ಟಬೇಡ’ ಎನ್ನುತ್ತಾಳೆ. ಪರದೆಯ ಮೇಲೆಯೂ ಹಾಗೆಯೇ ‘ಬೇಡ!’ ಎಂಬ ಒಂದೇ ಪದ ಮೊದಲು ಬರಲಿ; ಅದು ಕೊನೆಯ ತನಕ ಮೇಲೆಯೇ ನಿಂತಿರಲಿ; ಅದರ ಕೆಳಗೆ ‘ಸ್ವಿಚ್ ಮುಟ್ಟಬೇಡಿ’ ಎಂದು ಬರಲಿ. ಚಿತ್ರದಲ್ಲಿ ಕೈ ಸ್ವಿಚ್ಚನ್ನು ಒತ್ತಲೇಬಾರದು. ಅದು ಹತ್ತಿರ ಬರುವಾಗ ಮತ್ತೊಂದು ಕೈ ಬಂದು ಅದನ್ನು ತಡೆದು ಹಿಂದಕ್ಕೆ ಎಳೆಯಲಿ. ತಡೆಯುವ ಕೈ ಎಂಬುದು ಚಿತ್ರಕ್ಕೆ ಸಾಧ್ಯವಾದ ‘ಬೇಡ’. ಕೆಂಪು ಗೀಟನ್ನು ಎಳೆದರೂ ಆಗುತ್ತದೆ, ಆದರೆ ತಡೆಯುವ ಕೈಯಷ್ಟು ಬೇಗನೆ ಅದು ತಿಳಿಯದು.

ಈ ತತ್ತ್ವವನ್ನು ಹಿಡಿದು ನಾವು ಆ ಚಿತ್ರವನ್ನು ಮೂವತ್ತೆಂಟು ಸೆಕೆಂಡುಗಳಿಗೆ ಹೊಸದಾಗಿ ಬರೆದು ನೋಡಿದೆವು. ಮೊದಲ ನಾಲ್ಕು ಸೆಕೆಂಡು: ಅಡಿಗೆಮನೆ, ಭಟ್ಟರು ಮೂಗಿಗೆ ಅಂಗವಸ್ತ್ರ ಒತ್ತಿಕೊಂಡು ಒಲೆಯ ಕಡೆಗೆ ನೋಡುತ್ತಾರೆ, ಮೇಲೆ ‘ಗ್ಯಾಸ್ ವಾಸನೆ ಬಂದರೆ?’ ಎಂಬ ಮೂರು ಪದ. ವಾಸನೆಯನ್ನು ಯಾವ ಚಿತ್ರವೂ ಯಾವ ಸದ್ದೂ ತಿಳಿಸಲಾರದೆಂಬುದನ್ನು ಗಮನಿಸಬೇಕು. ಸೋರಿದುದು ತಿಳಿಯಲೆಂದೇ ಮರ್‌ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಗ್ಯಾಸಿಗೆ ಬೆರೆಸಿರುತ್ತಾರೆ. ಆ ಸಂಗತಿ ಪರದೆಗೆ ಬರಬೇಕಾದರೆ ಅಕ್ಷರವೊಂದೇ ದಾರಿ. ನಾಲ್ಕರಿಂದ ಹನ್ನೊಂದನೆಯ ಸೆಕೆಂಡಿನವರೆಗೆ ಮೇಲೆ ಹೇಳಿದ ತಡೆಯುವ ಕೈ. ಇಲ್ಲಿ ‘ಹಾಕುವುದೂ ಬೇಡ, ಆರಿಸುವುದೂ ಬೇಡ’ ಎಂಬ ಎರಡನೆಯ ಸಾಲನ್ನು ಸೇರಿಸಿದೆವು. ಸ್ವಿಚ್ಚನ್ನು ಆರಿಸಿದರೂ ಕಿಡಿ ಹುಟ್ಟಬಹುದೆಂಬುದು ಹಲವರಿಗೆ ಗೊತ್ತಿಲ್ಲ. ಉರಿಯುತ್ತಿರುವ ದೀಪವನ್ನು ಉರಿಯಲು ಬಿಡಬೇಕು, ಆರಿದುದನ್ನು ಆರಿದಂತೆಯೇ ಬಿಡಬೇಕು.

ಮುಂದಿನ ಏಳು ಸೆಕೆಂಡು ಒಲೆಯ ತಿರುಗಣೆಗಳು, ಆ ಮೇಲೆ ಮುಖ್ಯ ವಾಲ್ವು. ಮನೆಯ ಸಿಲಿಂಡರಿನಂತೆ ಹೋಟೆಲಿನಲ್ಲಿ ರೆಗ್ಯುಲೇಟರನ್ನು ತಿರುಗಿಸಿದರೆ ಮುಗಿಯಿತು ಎನ್ನುವ ಹಾಗಿಲ್ಲ. ಹತ್ತೊಂಬತ್ತು ಕಿಲೋ ತೂಕದ ಹಲವು ಸಿಲಿಂಡರುಗಳನ್ನು ಹೊರಗೆ ಜೋಡಿಸಿ ಕೊಳವೆಯಿಂದ ಒಳಕ್ಕೆ ಗ್ಯಾಸನ್ನು ತರುವ ಕಡೆ, ಕೊಳವೆಯ ಮೇಲಿನ ವಾಲ್ವನ್ನು ಮುಚ್ಚಬೇಕು. ಹಿಡಿಯು ಕೊಳವೆಯ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ನಿಂತರೆ ಮುಚ್ಚಿದೆ. ಇದು ಕಣ್ಣಿಗೆ ಕಾಣುವ ಸಂಗತಿಯಾದುದರಿಂದ ಕ್ಯಾಮರಾವನ್ನು ಹಿಡಿಯ ಹತ್ತಿರಕ್ಕೆ ತಂದು, ತಿರುಗುವುದನ್ನು ನಿಧಾನವಾಗಿ ತೋರಿಸಿ, ‘ಹಿಡಿ ಅಡ್ಡ = ಮುಚ್ಚಿದೆ’ ಎಂದು ಬರೆದರೆ ಸಾಕು. ಇಂತಹ ಕಡೆ ಬರಹ ಕಡಿಮೆಯಾದಷ್ಟೂ ಮೇಲು. ಕಣ್ಣು ಏಕಕಾಲದಲ್ಲಿ ಓದಲೂ ನೋಡಲೂ ಆರದು. ಅಕ್ಷರ ಹೆಚ್ಚಾದರೆ ಕೈಯ ಚಲನೆಯೇ ತಪ್ಪಿಹೋಗುತ್ತದೆ.

ಹದಿನೆಂಟರಿಂದ ಇಪ್ಪತ್ತನಾಲ್ಕರವರೆಗೆ ಬಾಗಿಲು, ಕಿಟಕಿಗಳನ್ನು ತೆರೆಯುವುದು. ಬರಹ, ‘ಗ್ಯಾಸ್ ನೆಲದ ಮೇಲೆ ನಿಲ್ಲುತ್ತದೆ’. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಮೇಲಕ್ಕೆ ಹೋಗದೆ ಕೆಳಗೆ, ಮೋರಿಯಲ್ಲಿ, ಮೂಲೆಯಲ್ಲಿ ಸೇರಿಕೊಳ್ಳುತ್ತದೆ. ಅದಕ್ಕಾಗಿಯೇ ಕಿಟಕಿಗಿಂತ ಬಾಗಿಲನ್ನು ಮೊದಲು ತೋರಿಸಿದೆವು. ಇಪ್ಪತ್ತನಾಲ್ಕರಿಂದ ಇಪ್ಪತ್ತೊಂಬತ್ತರವರೆಗೆ ಎಲ್ಲರೂ ಬೀದಿಗೆ ಬರುವುದು. ಬರಹ, ‘ಎಲ್ಲರೂ ಹೊರಗೆ’. ಕೊನೆಯ ಒಂಬತ್ತು ಸೆಕೆಂಡು ಬೀದಿಯಲ್ಲಿ ನಿಂತು ಫೋನ್ ಮಾಡುವ ದೃಶ್ಯ. ಬರಹ, ‘ಹೊರಗಿನಿಂದಲೇ ಫೋನ್: 1906’. ಇದು ಗ್ಯಾಸು ಸೋರಿಕೆಗೆಂದು ದೇಶಕ್ಕೆಲ್ಲಾ ಇರುವ ಸಹಾಯ ಸಂಖ್ಯೆ, ಹಗಲೂ ರಾತ್ರಿಯೂ ದೊರೆಯುತ್ತದೆ. ನಾಲ್ಕೇ ಅಂಕಿಗೆ ಒಂಬತ್ತು ಸೆಕೆಂಡು ಹೆಚ್ಚಾಯಿತೆಂದು ತೋರಬಹುದು. ವಾಕ್ಯವನ್ನು ಅರ್ಥ ಮಾಡಿಕೊಂಡರೆ ಸಾಕು, ಅಂಕಿಯನ್ನಾದರೋ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆ ಕಾರಣದಿಂದ ಅದಕ್ಕೆ ಕಾಲಾವಕಾಶ ಬೇಕು.

ಯಾವ ಬರಹ ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೆ ನಾವು ಇಟ್ಟುಕೊಂಡ ಅಳತೆ ಸುಲಭವಾದುದು. ಬರೆದವನು ಅದನ್ನು ಅವಸರವಿಲ್ಲದೆ ಎರಡು ಬಾರಿ ಗಟ್ಟಿಯಾಗಿ ಓದಬೇಕು. ಅಷ್ಟು ಹೊತ್ತು ಅದು ಪರದೆಯ ಮೇಲೆ ಇರಬೇಕು. ಬರೆದವನಿಗೆ ಆ ಪದಗಳು ಮೊದಲೇ ಗೊತ್ತು, ನೋಡುವವನಿಗೆ ಅವು ಹೊಸವು, ಅದರ ಮೇಲೆ ಹದಿನಾರು ಗಂಟೆ ದುಡಿದ ಕಣ್ಣು. ಸಾಲಿನ ಉದ್ದದ ವಿಷಯದಲ್ಲಿಯೂ ಕನ್ನಡಕ್ಕೆ ಬೇರೆ ಲೆಕ್ಕ ಬೇಕು. ನಮ್ಮಲ್ಲಿ ವಿಭಕ್ತಿಗಳೂ ಪ್ರತ್ಯಯಗಳೂ ಪದಕ್ಕೆ ಅಂಟಿಕೊಳ್ಳುವುದರಿಂದ ಒಂದೊಂದು ಪದವೂ ಉದ್ದ. ದೂರದಿಂದ ಓದುವಷ್ಟು ದಪ್ಪಕ್ಷರದಲ್ಲಿ ಬರೆದರೆ, ನೆಟ್ಟಗೆ ಹಿಡಿದ ಫೋನಿನ ಅಗಲಕ್ಕೆ ಹನ್ನೆರಡು ಹದಿನಾಲ್ಕು ಅಕ್ಷರಗಳಿಗಿಂತ ಹೆಚ್ಚು ಹಿಡಿಸದು. ‘ಸ್ವಿಚ್ಚನ್ನು’ ಎಂಬುದನ್ನು ‘ಸ್ವಿಚ್’ ಎಂದು ಕತ್ತರಿಸಿದುದು ಇದಕ್ಕಾಗಿ. ವ್ಯಾಕರಣಪ್ರಿಯರು ಕ್ಷಮಿಸಬೇಕು.

ಮತ್ತೊಂದು ತೊಂದರೆ ಒತ್ತಕ್ಷರಗಳದು. ತಮಿಳಿನಲ್ಲಿ ಒತ್ತಕ್ಷರಗಳು ಬಹುಮಟ್ಟಿಗೆ ಇಲ್ಲ. ತಮಿಳು ಬರಹಕ್ಕೆಂದು ಸಾಲುಗಳ ಅಂತರವನ್ನು ಹೊಂದಿಸಿದ ಮಾದರಿಯಲ್ಲಿ ಕನ್ನಡವನ್ನು ತುಂಬಿದರೆ, ‘ಸ್ವಿಚ್ಚು’, ‘ಗ್ಯಾಸು’ ಮುಂತಾದವುಗಳ ಕೆಳಗಿನ ಒತ್ತು ಮುಂದಿನ ಸಾಲಿನ ತಲೆಯ ಮೇಲೆ ಕೂರುತ್ತದೆ, ಇಲ್ಲವೇ ಹಿಂದಿನ ಕಪ್ಪು ಪಟ್ಟಿಯ ಅಂಚಿನಲ್ಲಿ ತುಂಡಾಗುತ್ತದೆ. ಕೆಲವು ತಂತ್ರಾಂಶಗಳಲ್ಲಿ ಒತ್ತು ಒತ್ತಾಗಿ ಬರದೆ, ಅಕ್ಷರಗಳು ಒಡೆದು, ಅರ್ಕಾವತ್ತು ತಪ್ಪಿದ ಕಡೆ ನಿಲ್ಲುವುದೂ ಉಂಟು. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಅಚ್ಚುಗಳನ್ನು ಹಾಕಿ ನೋಡಬೇಕು. ಅದರಿಂದಲೂ ಸರಿಹೋಗದಿದ್ದರೆ ಆ ತಂತ್ರಾಂಶವನ್ನೇ ಬಿಡುವುದು ಲೇಸು. ಪರೀಕ್ಷೆಗೆ ‘ಸ್ವಿಚ್ ಮುಟ್ಟಬೇಡಿ, ಎಚ್ಚರ, ಕಾರ್ಯ’ ಎಂಬ ನಾಲ್ಕು ಪದಗಳನ್ನು ಬರೆದು ನೋಡಿದರೆ ಒಂದು ನಿಮಿಷದಲ್ಲಿ ಗುಟ್ಟು ರಟ್ಟಾಗುತ್ತದೆ.

ಅಕ್ಷರಗಳನ್ನು ಎಲ್ಲಿ ಕೂರಿಸಬೇಕೆಂಬುದರಲ್ಲಿ ಸಿನಿಮಾ ನೋಡಿ ಬೆಳೆದ ನಾವು ಸುಲಭವಾಗಿ ಎಡವುತ್ತೇವೆ. ಅಲ್ಲಿ ಬರಹವು ತಳದಲ್ಲಿ ಇರುತ್ತದೆ. ಫೋನಿನಲ್ಲಾದರೋ ತಳಭಾಗವನ್ನು ಕಳುಹಿಸಿದವರ ಹೆಸರೂ ವಿವರಣೆಯೂ, ಬಲಭಾಗವನ್ನು ಮೆಚ್ಚುಗೆಯ ಗುರುತುಗಳ ಸಾಲೂ ಆಕ್ರಮಿಸುತ್ತವೆ. ತಳದಿಂದ ಮೂರರಲ್ಲಿ ಒಂದು ಪಾಲನ್ನು ಬಿಟ್ಟು, ನಡುವಿಗಿಂತ ಸ್ವಲ್ಪ ಮೇಲೆ, ಎಡಕ್ಕೆ ಒತ್ತಾಗಿ ಬರೆದರೆ ಯಾವುದೂ ಮುಚ್ಚಿಹೋಗದು. ನಮ್ಮ ಅಡಿಗೆಮನೆಗಳಲ್ಲಿ ಎವರ್‌ಸಿಲ್ವರ್ ಪಾತ್ರೆಯ ಹೊಳಪು, ಬಿಳಿಯ ಟೈಲ್ಸು, ಇಡ್ಲಿಯ ಹಬೆ ಇವೆಲ್ಲವೂ ಸೇರಿ ಬಿಳಿಯ ಅಕ್ಷರವನ್ನು ನುಂಗಿಬಿಡುತ್ತವೆ. ಆದುದರಿಂದ ಕಪ್ಪು ಪಟ್ಟಿಯ ಮೇಲೆ ಹಳದಿ ಅಕ್ಷರವೇ ಆಗಬೇಕು. ಸಣ್ಣ ಅಕ್ಷರ ಹಾಕಿದವರು ವಾಟ್ಸಪ್ಪಿನಲ್ಲಿ ಚಿತ್ರವನ್ನು ಕಳುಹಿಸಿದಾಗ ಅದನ್ನು ಕುಗ್ಗಿಸಿ ಕಳುಹಿಸಲಾಗುತ್ತದೆಂಬುದನ್ನು ಮರೆಯಬಾರದು. ಕುಗ್ಗಿದಾಗ ಮೊದಲು ಕರಗುವುದು ಒತ್ತಕ್ಷರಗಳೇ. ಬರಹವನ್ನು ಬೇರೆ ಕಡತವಾಗಿ ಇಡದೆ ಚಿತ್ರದಲ್ಲಿಯೇ ಬೆಸೆದುಬಿಡಬೇಕೆಂಬುದೂ ಇದರಿಂದಲೇ ಹೊರಡುವ ಮಾತು. ಒಂದು ಕೈಯಿಂದ ಮತ್ತೊಂದು ಕೈಗೆ ಹೋಗುವಾಗ ಬೇರೆಯಾಗಿಟ್ಟ ಕಡತ ಜೊತೆಯಲ್ಲಿ ಹೋಗುವುದಿಲ್ಲ.

ಮಾತಿಲ್ಲದ ಚಿತ್ರಕ್ಕೂ ಸದ್ದಿಲ್ಲದ ಚಿತ್ರಕ್ಕೂ ಇರುವ ಅಂತರವನ್ನು ತಿಳಿಯಲು ‘ಪುಷ್ಪಕ ವಿಮಾನ’ಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಸಿಂಗೀತಂ ಶ್ರೀನಿವಾಸ ರಾವ್ ಅವರು ನಿರ್ದೇಶಿಸಿ, ಶೃಂಗಾರ್ ನಾಗರಾಜ್ ಅವರು ನಿರ್ಮಿಸಿ, 1987ರಲ್ಲಿ ತೆರೆಗೆ ಬಂದ ಆ ಚಿತ್ರದಲ್ಲಿ ಒಂದು ಮಾತೂ ಇಲ್ಲ. ಇಲ್ಲಿ ಅದು ‘ಪೇಸುಂ ಪಡಂ’ ಎಂಬ ಹೆಸರಿನಿಂದ ಓಡಿತು. ಅದನ್ನು ಫೋನಿನಲ್ಲಿ ಸದ್ದಡಗಿಸಿ ನೋಡಬಹುದಲ್ಲವೇ ಎಂದು ತೋರುತ್ತದೆ. ಆದರೆ ಅದರ ನಾಯಕನು ಸಿನಿಮಾ ಮಂದಿರದ ಗದ್ದಲದ ಪಕ್ಕದಲ್ಲಿ ವಾಸಿಸಿದವನು. ದೊಡ್ಡ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬಾರದೆ, ಆ ಗದ್ದಲವನ್ನೇ ಟೇಪಿನಲ್ಲಿ ಹಿಡಿದು ತಂದು ಹಾಕಿಕೊಂಡು ಮಲಗುತ್ತಾನೆ. ಆ ನಗೆಯೆಲ್ಲವೂ ಕಿವಿಯಲ್ಲಿದೆ. ಸದ್ದು ತೆಗೆದರೆ ಟೇಪಿನ ಪೆಟ್ಟಿಗೆಯೊಂದು ಕಾಣುತ್ತದೆ, ಅಷ್ಟೇ. ನಮ್ಮ ಚಿತ್ರದಲ್ಲಿಯೂ ಇಂತಹುದೇ ಒಂದು ಇದ್ದಿತು. ಕೊಳವೆಯ ಕೀಲಿನಿಂದ ಗ್ಯಾಸು ‘ಸುಸ್’ ಎಂದು ಬರುವ ಸದ್ದು ಸೋರಿಕೆಯ ಜಾಗವನ್ನು ತೋರಿಸುತ್ತದೆ. ಅದನ್ನು ಉಳಿಸಲು ಕೀಲಿನ ಪಕ್ಕದಲ್ಲಿಯೇ ‘ಸುಸ್…’ ಎಂದು ಬರೆದೆವು. ತಳದಲ್ಲಿ ಬರೆಯಲಿಲ್ಲ, ಸದ್ದು ಎಲ್ಲಿಂದ ಹುಟ್ಟುತ್ತದೆಯೋ ಅಲ್ಲಿಯೇ ಅದರ ಅಕ್ಷರವೂ ಇರಬೇಕು.

ಇಷ್ಟೆಲ್ಲಾ ಮಾಡಿದರೂ ಮೀರಲಾಗದ ಎಲ್ಲೆಯೊಂದಿದೆ. ಈ ಊರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಓದುವುದು ಮಾತ್ರ ತಮಿಳನ್ನು. ಸದ್ದಿದ್ದರೆ ಅವರಿಗೆ ಎಲ್ಲವೂ ತಿಳಿಯುತ್ತಿತ್ತು; ಸದ್ದಿಲ್ಲದ ಕನ್ನಡ ಚಿತ್ರ ಅವರ ಪಾಲಿಗೆ ಕನ್ನಡವೇ ಅಲ್ಲ. ಇನ್ನು ಇಂದಿನ ಅಡಿಗೆಮನೆಗಳಲ್ಲಿ ಬಿಹಾರ, ಒಡಿಶಾ, ಅಸ್ಸಾಮು ಕಡೆಯ ಹುಡುಗರು ನಮ್ಮವರ ಪಕ್ಕದಲ್ಲಿಯೇ ಪಾತ್ರೆ ತೊಳೆಯುತ್ತಿದ್ದಾರೆ. ಅನಾಹುತವು ಭಾಷೆ ಕೇಳಿ ಬರುವುದಿಲ್ಲ. ಮೂರು ಲಿಪಿಗಳನ್ನು ಒಂದೇ ಪರದೆಯಲ್ಲಿ ಒಂದರ ಕೆಳಗೊಂದು ಪೇರಿಸುವ ಪ್ರಯತ್ನವನ್ನು ಕೆಲವರು ಮಾಡುತ್ತಾರೆ. ಆಗ ಯಾವ ಅಕ್ಷರವೂ ದಪ್ಪವಾಗಿರದು, ನೋಡುವವನು ತನ್ನ ಸಾಲನ್ನು ಹುಡುಕುವಷ್ಟರಲ್ಲಿ ದೃಶ್ಯವೇ ಕಳೆದುಹೋಗಿರುತ್ತದೆ. ಚಿತ್ರ ಒಂದೇ ಇರಲಿ. ಬರಹವನ್ನು ಬದಲಾಯಿಸಿ ಕನ್ನಡಕ್ಕೊಂದು, ತಮಿಳಿಗೊಂದು, ಹಿಂದಿಗೊಂದು ಪ್ರತಿ ತೆಗೆಯುವುದು ಹೆಚ್ಚಿನ ಕೆಲಸವೇನಲ್ಲ. ಬರೆಯುವ ಮೊದಲೇ ಯಾವ ಅಕ್ಷರವೂ ಇಲ್ಲದ ಚಿತ್ರವನ್ನು ಒಮ್ಮೆ ನೋಡಿ, ಅದು ತಾನಾಗಿ ಎಷ್ಟು ಹೇಳುತ್ತದೆಂದು ತೂಗುವುದು ಇದಕ್ಕೆ ಬೇಕಾಗುತ್ತದೆ. ನಮ್ಮ ಆರು ದೃಶ್ಯಗಳಲ್ಲಿ ತಡೆಯುವ ಕೈ, ವಾಲ್ವು, ಬಾಗಿಲು, ಹೊರಗೆ ಬರುವುದು ಈ ನಾಲ್ಕು ಅಕ್ಷರವಿಲ್ಲದೆಯೂ ನಿಲ್ಲುತ್ತವೆ. ವಾಸನೆಯೂ ಸಂಖ್ಯೆಯೂ ನಿಲ್ಲುವುದಿಲ್ಲ. ಸಂಖ್ಯೆಯ ಅಂಕಿಗಳನ್ನು 1906 ಎಂದು ಎಲ್ಲರೂ ಬಲ್ಲ ರೂಪದಲ್ಲಿ ಬರೆದುದಕ್ಕೆ ಇದೂ ಒಂದು ಕಾರಣ.

ಕೊನೆಗೆ ಪರೀಕ್ಷೆಯ ಮಾತು. ಚಿತ್ರ ತೆಗೆದವರು ತಾವೇ ನೋಡಿ ಮೆಚ್ಚಿಕೊಳ್ಳುವುದು ಪರೀಕ್ಷೆಯಲ್ಲ, ಅವರ ಕಿವಿಯಲ್ಲಿ ಆ ಮಾತುಗಳು ಇನ್ನೂ ಮೊಳಗುತ್ತಿರುತ್ತವೆ. ಅದನ್ನು ತಯಾರಿಸುವಾಗ ಇಲ್ಲದಿದ್ದ ಒಬ್ಬ ಕ್ಲೀನರನ ಕೈಗೆ ಸದ್ದಡಗಿಸಿದ ಫೋನನ್ನು ಕೊಟ್ಟು ಒಮ್ಮೆ ತೋರಿಸಬೇಕು. ‘ತಿಳಿಯಿತೇನಪ್ಪಾ?’ ಎಂದು ಕೇಳಿದರೆ ಮೇನೇಜರರ ಮುಂದೆ ‘ತಿಳಿಯಿತು ಸ್ವಾಮೀ’ ಎಂದೇ ಹೇಳುತ್ತಾನೆ. ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಅವನನ್ನು ಅಡಿಗೆಮನೆಗೆ ಕರೆದೊಯ್ದು, ‘ಈಗ ವಾಸನೆ ಬಂತು ಅಂತ ಇಟ್ಟುಕೊ, ಏನು ಮಾಡುತ್ತೀ, ಮಾಡಿ ತೋರಿಸು’ ಎನ್ನಬೇಕು. ಅವನ ಕೈ ಮೊದಲು ಎತ್ತ ಹೋಗುತ್ತದೆಂದು ನೋಡಬೇಕು. ವಾಲ್ವಿನ ಕಡೆಗೆ ಹೋದರೆ ಚಿತ್ರವನ್ನು ಕಳುಹಿಸಬಹುದು. ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿನ ಕಡೆಗೆ ಹೋದರೆ ಎರಡನೆಯ ದೃಶ್ಯವನ್ನು ಮತ್ತೆ ತೆಗೆಯಬೇಕು, ತಡೆಯುವ ಕೈ ಇನ್ನೂ ಒಂದು ಸೆಕೆಂಡು ಮುಂಚೆ ಬರುವ ಹಾಗೆ.